0.7 ಬಿಟ್ಟು 0.6ಕ್ಕೆ ಹೆದರಿದ್ದೇಕೆ?

ವಿಜಯಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ಆಪ್ಟೋಮೆಟ್ರಿಸ್ಟ್. ರೆಟಿನಾದ ಫೋಟೋ ತೆಗೆದು, ಅನುಮಾನ ಬಂದದ್ದನ್ನು ಡಾಕ್ಟರಿಗೆ ತೋರಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದವರು ಆ ಫೋಟೋದಲ್ಲಿ ಮೊದಲು ಹುಡುಕುವುದು ಒಂದು ಸಂಖ್ಯೆಯನ್ನು. ನಾನು ಅದನ್ನು ಕೊನೆಗೆ ಬರೆಯುತ್ತೇನೆ.

ಕೆಂಪು ಹಿನ್ನೆಲೆಯಲ್ಲಿ ತೆಳು ಹಳದಿ ಗುಂಡು ಕಾಣುತ್ತದಲ್ವಾ, ಅದು ಡಿಸ್ಕ್. ಸುಮಾರು 10 ಲಕ್ಷ ನರದ ಎಳೆಗಳು ಅಲ್ಲಿ ಒಟ್ಟಾಗಿ ಮಿದುಳಿನ ಕಡೆ ಹೊರಡುತ್ತವೆ. ಎಳೆಗಳು ತುಂಬಿರುವ ಅಂಚು ರಿಮ್, ನಡುವಿನ ಖಾಲಿ ತಗ್ಗು ಕಪ್. ಗ್ಲಾಕೋಮಾದಲ್ಲಿ ಎಳೆಗಳು ಸಾಯುತ್ತಾ ಹೋದಂತೆ ರಿಮ್ ಸವೆದು ಕಪ್ ಹಿಗ್ಗುತ್ತದೆ. ಕಪ್‌ನ ಎತ್ತರ ಡಿಸ್ಕ್‌ನ ಎತ್ತರದಲ್ಲಿ ಎಷ್ಟು ಪಾಲು ಎಂಬುದೇ ಆ ಸಂಖ್ಯೆ.

ಒಂದೇ ದಿನ ಇಬ್ಬರು ಬಂದಿದ್ದರು. ಕಾಲೇಜು ಹುಡುಗಿಗೆ ಎರಡೂ ಕಣ್ಣಲ್ಲಿ 0.7. ಕನ್ನಡಕಕ್ಕೆಂದು ಬಂದ ಕಾಕಾಗೆ ಬಲಗಣ್ಣಲ್ಲಿ 0.4, ಎಡಗಣ್ಣಲ್ಲಿ 0.6. ನನಗೆ ಹೆದರಿಕೆ ಆದದ್ದು ಕಾಕಾನ ಫೋಟೋ ನೋಡಿ.

ಹುಡುಗಿಯ ಡಿಸ್ಕ್‌ಗಳೇ ದೊಡ್ಡವು. ಅಷ್ಟೇ ಎಳೆಗಳು ದೊಡ್ಡ ಜಾಗದಲ್ಲಿ ಹರಡಿದರೆ ನಡುವಿನ ತಗ್ಗು ತಾನಾಗಿಯೇ ಜಾಸ್ತಿ ಇರುತ್ತದೆ. ರಿಮ್ ಸುತ್ತಲೂ ಗುಲಾಬಿ ಬಣ್ಣದಲ್ಲಿತ್ತು. ಸಾಮಾನ್ಯವಾಗಿ ಇರುವಂತೆ ಕೆಳಗೆ ಎಲ್ಲಕ್ಕಿಂತ ದಪ್ಪ, ಆಮೇಲೆ ಮೇಲೆ, ಕಿವಿಯ ಕಡೆ ತೆಳು. ಆದರೂ ಸುಮ್ನೆ ಕಳಿಸಲಿಲ್ಲ. ಮುಂದೆ ಹೋಲಿಸಿ ನೋಡಲು ಫೋಟೋ ಇಟ್ಟುಕೊಂಡೆವು.

ಕಾಕಾನ ಡಿಸ್ಕ್ ಚಿಕ್ಕದು. ಅಂಥದ್ದರಲ್ಲಿ 0.6 ಎಂದರೆ ಜಾಸ್ತಿಯೇ. ಎಡಗಣ್ಣಿನ ಡಿಸ್ಕ್‌ನಲ್ಲಿ ಗಡಿಯಾರದ 5 ಗಂಟೆಯ ಕಡೆ ರಿಮ್ ಕಚ್ಚಿ ತೆಗೆದಂತೆ ಕಡಿದಿತ್ತು. ಅಲ್ಲಿಂದಲೇ ಒಂದು ಕಪ್ಪು ಪಟ್ಟಿ ಬಿಲ್ಲಿನಂತೆ ಹೊರಟಿತ್ತು. ಆ ದಾರಿಯ ಎಳೆಗಳು ಹೋಗಿವೆ ಎಂದು ಅರ್ಥ. ಒಂದೇ ಫೋಟೋದಲ್ಲಿ ಆಳ ಸಿಗುವುದಿಲ್ಲ, ಬಣ್ಣ ನೋಡಿ ಮೋಸ ಹೋಗಬಹುದು. ಹಾಗಾಗಿ ರಕ್ತನಾಳ ಎಲ್ಲಿ ಬಾಗಿ ಒಳಗಿಳಿಯುತ್ತದೆ ಎಂದು ನೋಡಿ ಕಪ್‌ನ ಅಂಚು ಗುರುತಿಸುತ್ತೇನೆ. ಆಮೇಲೆ ನೋಟ ಯಾವ ಭಾಗದಲ್ಲಿ ಕಡಿಮೆ ಎಂದು ತೋರಿಸುವ ಫೀಲ್ಡ್ ಟೆಸ್ಟ್ ಮಾಡಿದೆವು. ಕಣ್ಣಲ್ಲಿ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಕೆಳಗಿನ ರಿಮ್ ಕೆಟ್ಟರೆ ಮೇಲ್ಭಾಗದ ನೋಟ ಹೋಗಿರಬೇಕು. ಸರಿಯಾಗಿ ಅಲ್ಲೇ ಹೋಗಿತ್ತು. ಕಣ್ಣಿನ ಪ್ರೆಶರ್ 24, ಸ್ವಲ್ಪ ಜಾಸ್ತಿಯೇ.

"ಒಂದಿನಾನೂ ಕಣ್ಣ ನೋವಾಗಿಲ್ರೀ, ಹ್ಯಾಂಗ ಕೆಟ್ಟಾವ ಅಂತೀರಿ?" ಎಂದರು ಕಾಕಾ.

ಪ್ರಶ್ನೆ ಸರಿಯಾಗೇ ಇತ್ತು. ಸಾಯುತ್ತಿರುವ ಈ ಎಳೆಗಳು ಬೆಳಕಿನ ಸುದ್ದಿ ಮಾತ್ರ ಒಯ್ಯುತ್ತವೆ. ನೋವಿನ ಸುದ್ದಿ ಒಯ್ಯುವ ನರಗಳೇ ಬೇರೆ. ಅವು ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾ ಮತ್ತು ಐರಿಸ್‌ನಲ್ಲಿ ದಟ್ಟವಾಗಿವೆ. ಪ್ರೆಶರ್ ದಿಢೀರನೆ 50 ದಾಟಿದರೆ ಕಾರ್ನಿಯಾ ಊದಿ, ತಲೆ ಸಿಡಿದು, ವಾಂತಿ ಬರುವುದೂ ಉಂಟು. ಅದು ಗ್ಲಾಕೋಮಾದ ಇನ್ನೊಂದು ಬಗೆ. ವರ್ಷಗಟ್ಟಲೆ ಮೆಲ್ಲಗೆ ಏರಿದ 24 ಆ ನರಗಳನ್ನು ಮುಟ್ಟುವುದೇ ಇಲ್ಲ. ನೋಟದ ಕೊರತೆಯೂ ಗೊತ್ತಾಗಿರಲಿಲ್ಲ, ಏಕೆಂದರೆ ಎಡಗಣ್ಣಿಗೆ ಕಾಣದ್ದನ್ನು ಬಲಗಣ್ಣು ನೋಡಿಕೊಳ್ಳುತ್ತಿತ್ತು.

ಡಾಕ್ಟರ್ ರಾತ್ರಿ ಹಾಕುವ ಡ್ರಾಪ್ಸ್ ಬರೆದರು. ಹೋದ ಎಳೆಗಳು ಬರುವುದಿಲ್ಲ, ಉಳಿದವನ್ನು ಕಾಯಲು ಇದು ಎಂದು ನೇರವಾಗಿ ಹೇಳಿದರು. ಕಾಕಾನ ತಮ್ಮಂದಿರನ್ನೂ ತಪಾಸಣೆಗೆ ಬರಹೇಳಿದ್ದೇವೆ, ಏಕೆಂದರೆ ಇದು ಒಡಹುಟ್ಟಿದವರಲ್ಲಿ ಜಾಸ್ತಿ ಕಾಣಿಸುತ್ತದೆ.