ಫ್ಯಾಂಟಮ್ ಟಿಕ್ ಹಾಕಿದ ಪುಣ್ಯಾತ್ಮ ನಾನೇ

22ನೇ ತಾರೀಖು ಬೆಳಿಗ್ಗೆ ಎಂಟೂವರೆಗೆ ಲೈನ್ ಸೂಪರ್‌ವೈಸರ್ ಫೋನ್ ಮಾಡಿದರು. "ಸಾರ್, ರೋಟರ್ ಎಲ್ಲಿ?" 120 ಪಂಪಿನ ಆರ್ಡರ್, 24ಕ್ಕೆ ಡಿಸ್ಪ್ಯಾಚ್. ಯಾವ ಭಾಗ ಯಾವಾಗ, ಎಷ್ಟು ಬೇಕು ಅಂತ ಲೆಕ್ಕ ಹಾಕುವ ಎಂಆರ್‌ಪಿ ಸ್ಕ್ರೀನ್ ತೆಗೆದು ನೋಡಿದೆ. ಒಂದೂ ಕೆಂಪು ಗೆರೆ ಇಲ್ಲ. "ಎಲ್ಲಾ ಇದೆಯಲ್ರೀ, ಶಾಫ್ಟ್ ಇವತ್ತೇ ಬಂದಿದೆ" ಅಂದೆ, ಸ್ವಲ್ಪ ಜೋರಾಗೇ. "ಶಾಫ್ಟ್ ಬಂದಿದೆ ಸಾರ್. ಬ್ಯಾಲೆನ್ಸಿಂಗ್ ಯಾರು ಮಾಡ್ತಾರೆ?"

ಅಲ್ಲಿಗೆ ನನ್ನ ಬಾಯಿ ಬಂದ್.

ನಮ್ಮ ಬಿಒಎಂನಲ್ಲಿ, ಅಂದರೆ ಬಿಡಿಭಾಗಗಳ ಪಟ್ಟಿಯಲ್ಲಿ, ಪಂಪ್ ಮೇಲೆ, ಅದರ ಕೆಳಗೆ ರೋಟರ್ ಅಸೆಂಬ್ಲಿ, ಅದರ ಕೆಳಗೆ ಶಾಫ್ಟ್ ಮತ್ತು ಇಂಪೆಲ್ಲರ್, ಶಾಫ್ಟಿನ ಕೆಳಗೆ ಬ್ರೈಟ್ ಬಾರ್. ಹಿಂದಿನ ತಿಂಗಳು ವರ್ಕ್ ಆರ್ಡರ್ ಕಮ್ಮಿ ಮಾಡಿ ಅಂತ ಮೇಲಿನವರ ವರಾತ ಶುರುವಾಗಿತ್ತು. ರೋಟರ್ ಹೇಗೂ ಲೈನ್ ಪಕ್ಕದಲ್ಲೇ ಕೂಡಿಸೋದು, ಅದಕ್ಕೊಂದು ಪ್ರತ್ಯೇಕ ಆರ್ಡರ್ ಯಾಕೆ ಅಂದುಕೊಂಡು ಅದಕ್ಕೆ ಫ್ಯಾಂಟಮ್ ಟಿಕ್ ಹಾಕಿಬಿಟ್ಟೆ, ಅಂದರೆ ಸಿಸ್ಟಮ್ ಅದಕ್ಕೆ ಬೇರೆ ಆರ್ಡರ್ ಹಾಕದೆ ನೇರ ಅದರ ಕೆಳಗಿನ ಭಾಗಗಳಿಗೆ ಇಳಿಯುತ್ತೆ. ಕೂಡಿಸಿದ ಮೇಲೆ ಅದು ಡೈನಮಿಕ್ ಬ್ಯಾಲೆನ್ಸಿಂಗ್‌ಗೆ ಜಾಬ್ ವರ್ಕಿಗೆ ಹೊರಗೆ ಹೋಗಿ ಬರುತ್ತೆ ಅನ್ನೋದು ತಲೆಗೇ ಬರಲಿಲ್ಲ.

ಮೊದಲಾಗಿದ್ದರೆ ಲೆಕ್ಕ ಹೀಗೆ ಇಳಿಯುತ್ತಿತ್ತು: ಪಂಪಿಗೆ ಎರಡು ದಿನ, ಅಂದರೆ 22ಕ್ಕೆ ರೋಟರ್ ರೆಡಿ ಇರಬೇಕು. ರೋಟರಿಗೆ ಐದು ದಿನ. ನಡುವೆ ಒಂದು ಭಾನುವಾರ, ಹಾಗಾಗಿ ಶಾಫ್ಟ್ 16ಕ್ಕೇ ಬೇಕು. ಫ್ಯಾಂಟಮ್ ಆದಮೇಲೆ ರೋಟರಿಗೆ ಲೀಡ್ ಟೈಮೇ ಇಲ್ಲ. ಪಂಪಿನ ಅಗತ್ಯ ಆ ಮಟ್ಟವನ್ನು ದಾಟಿ ನೇರ ಶಾಫ್ಟಿನ ಮೇಲೆ ಬಿತ್ತು, 22ನೇ ತಾರೀಖಿಗೆ. ಸಿಸ್ಟಮ್ ಹೇಳಿದ ದಿನಕ್ಕೆ ಸರಿಯಾಗಿ ಬಂತು ಕೂಡ. ಕೆಂಪು ಗೆರೆ ಯಾಕೆ ಬರಬೇಕು?

ಇನ್ನೊಂದು ಎಡವಟ್ಟು ಸ್ಟೋರ್‌ನಲ್ಲಿ ಕಾಯುತ್ತಿತ್ತು. ರ್‍ಯಾಕಿನಲ್ಲಿ ಬ್ಯಾಲೆನ್ಸ್ ಆದ 40 ರೋಟರ್ ಇದ್ದವು. ನಮ್ಮ ಸಿಸ್ಟಮ್ ಫ್ಯಾಂಟಮ್‌ನ ಸ್ಟಾಕ್ ಕಳೆಯುವುದಿಲ್ಲ. ಮೊದಲಾಗಿದ್ದರೆ 120ರಲ್ಲಿ 40 ಕಳೆದು 80 ರೋಟರ್, ಕೈಯಲ್ಲಿದ್ದ 15 ಶಾಫ್ಟ್ ಕಳೆದು 65 ಶಾಫ್ಟ್ ಮಾಡಿಸುತ್ತಿದ್ದೆವು. ಈಗ 105 ಮಾಡಿಸಿದ್ದೇವೆ. ಬಾರ್ ಕೂಡ ಅಷ್ಟಕ್ಕೇ ಕೊಂಡಿದ್ದೇವೆ. ಆ 40 ರೋಟರನ್ನಾದರೂ ಕೊಡಿ ಅಂದರೆ ಸ್ಟೋರಿನವರು ಪಿಕ್ ಲಿಸ್ಟ್ ತೋರಿಸಿದರು: ಅದರಲ್ಲಿ ಶಾಫ್ಟ್ ಇದೆ, ಇಂಪೆಲ್ಲರ್ ಇದೆ, ರೋಟರ್ ಅನ್ನೋ ಪದವೇ ಇಲ್ಲ. ಅವರ ಮಾತೂ ಸರಿಯೇ.

ಮ್ಯಾನ್ಯುಯಲ್ ಇಶ್ಯೂ ಮಾಡಿಸಿ, ಸಹಿಗೆ ಓಡಾಡಿ, 24ಕ್ಕೆ 40 ಪಂಪ್ ಕಳಿಸಿದೆವು. ಉಳಿದ 80 ಮುಂದಿನ ವಾರ. ಟಿಕ್ ತೆಗೆದೆ, ಐದು ದಿನವನ್ನು ವಾಪಸ್ ಹಾಕಿದೆ. ಈಗ ಯಾವುದಾದರೂ ಮಟ್ಟವನ್ನು ಫ್ಯಾಂಟಮ್ ಮಾಡುವ ಮುಂಚೆ ಅದು ರ್‍ಯಾಕಿನಲ್ಲಿ ಕೂರುತ್ತಾ, ಗೇಟ್ ದಾಟುತ್ತಾ ಅಂತ ಶಾಪ್‌ಗೆ ಹೋಗಿ ಕೇಳ್ತೀನಿ.

ಹೆಚ್ಚಾದ 40 ಶಾಫ್ಟ್ ಎಣ್ಣೆ ಹಚ್ಚಿಸಿಕೊಂಡು ಇನ್ನೂ ಸ್ಟೋರ್‌ನಲ್ಲಿ ಕೂತಿವೆ. ಸ್ಟೋರಿನವರು ಅವಕ್ಕೆ ನನ್ನ ಹೆಸರೇ ಇಟ್ಟಿದ್ದಾರಂತೆ.