ಬಾಟಲಿ ಕತ್ತಲ್ಲಿ ಸಿಕ್ಕಾಕೊಂಡ ಅರ್ಧ ಕಾರ್ಕು

ಇಲ್ಲಿಗೆ ಬಂದ್ಮೇಲೆ ಏನೇನು ಕಲಿತೆ ಅಂತ ಊರಿಂದ ಫೋನ್ ಮಾಡಿದವರೆಲ್ಲ ಕೇಳ್ತಾನೇ ಇರ್ತಾರೆ, ಅವರಿಗೆಲ್ಲ ಹೇಳೋಕೆ ಸ್ವಲ್ಪ ಸಂಕೋಚ ಆಗೋ ಒಂದು ವಿದ್ಯೆ ಇದೆ, ಅದನ್ನ ಇಲ್ಲೇ ಬರೆದುಬಿಡ್ತೀನಿ. ವೈನ್ ಬಾಟಲಿ ಒಳಗೆ ಬಿದ್ದ ಕಾರ್ಕನ್ನ ಬಾಟಲಿ ಒಡೀದೇ ಹೊರಗೆ ತೆಗೆಯೋದು. ನಾನು ಕುಡಿಯೋದು ಎರಡು ಗುಟುಕು, ಅದೂ ಬಲವಂತಕ್ಕೆ. ಆದ್ರೆ ಕಾರ್ಕ್ ವಿಷಯದಲ್ಲಿ ಈಗ ಯಾರ ಹತ್ರ ಬೇಕಾದ್ರೂ ವಾದಕ್ಕೆ ನಿಲ್ತೀನಿ.

ಆಗಿದ್ದು ಇಷ್ಟು. ನಮ್ಮವರಿಗೆ ಹಳೇ ಆಫೀಸಿನವರು ಯಾವಾಗಲೋ ಒಂದು ಬಾಟಲಿ ಕೊಟ್ಟಿದ್ರು, ಅದನ್ನ ಒಲೆ ಮೇಲಿನ ಕಪಾಟಲ್ಲಿ ನೆಟ್ಟಗೆ ನಿಲ್ಲಿಸಿ ಆರು ವರ್ಷ ಮರೆತಿದ್ವಿ. ಮೇಲಿನ ಮನೆ ಅಜ್ಜ ಅಜ್ಜಿ ಊಟಕ್ಕೆ ಬರ್ತಾರೆ ಅಂದಾಗ ನೆನಪಾಯ್ತು. ಈ ಅಜ್ಜ ಕೆಲಸದಲ್ಲಿದ್ದಾಗ ರೆಸ್ಟೋರೆಂಟಲ್ಲಿ ವರ್ಷಗಟ್ಟಲೆ ವೈನ್ ಬಡಿಸಿದವರು, ಅವರೆದುರಿಗೇ ನಮ್ಮವರು ಬಾಟಲಿ ತೊಡೆ ಮಧ್ಯ ಇಟ್ಕೊಂಡು ಸ್ಕ್ರೂ ತಿರುಗಿಸಿ ಒಂದೇ ಉಸಿರಿಗೆ ಎಳೆದ್ರು. ಟಪ್ ಅಂತು. ಕೈಗೆ ಬಂದಿದ್ದು ಅರ್ಧ ಕಾರ್ಕು. ಇನ್ನರ್ಧ, ಅಂದಾಜು ಎರಡು ಸೆಂಟಿಮೀಟರ್, ಕತ್ತಲ್ಲೇ ಕೂತಿತ್ತು.

ಅಜ್ಜ ನಗ್ಲಿಲ್ಲ, ಅದೊಂದು ಪುಣ್ಯ. ಮುರಿದ ತುಂಡನ್ನ ಸ್ಕ್ರೂ ಸಮೇತ ಇಸ್ಕೊಂಡು ದೀಪದ ಕೆಳಗೆ ಹಿಡಿದು ತೋರಿಸಿದ್ರು. ಕಾರ್ಕು ಮುರಿದಿದ್ದು ಸರಿಯಾಗಿ ಸ್ಕ್ರೂ ತುದಿ ನಿಂತಿದ್ದ ಜಾಗದಲ್ಲಿ. ಅಂದ್ರೆ ಸುರುಳಿ ಪೂರ್ತಿ ಇಳಿದೇ ಇರ್ಲಿಲ್ಲ, ಇನ್ನೂ ಎರಡು ಸುತ್ತು ಬಾಕಿ ಇತ್ತು, ನಮ್ಮವರು ಅಷ್ಟರಲ್ಲೇ ಎಳೆದಿದ್ರು. ಕಾರ್ಕು ಉದ್ದ ಸಾಮಾನ್ಯವಾಗಿ ನಾಲ್ಕೂವರೆ ಸೆಂಟಿಮೀಟರ್ ಆಸುಪಾಸು ಇರುತ್ತೆ, ಸುರುಳಿ ಹಿಡಿದಷ್ಟು ಭಾಗ ಮಾತ್ರ ಮೇಲೆ ಬಂತು, ಹಿಡಿಯದೇ ಇದ್ದದ್ದು ಗಾಜಿಗೆ ಅಂಟಿಕೊಂಡು ಅಲ್ಲೇ ಉಳೀತು. ಇನ್ನೊಂದು ಕಾರಣ ನಮ್ಮ ಕಪಾಟು. ಮಲಗಿಸಿಟ್ಟ ಬಾಟಲಿಯಲ್ಲಿ ವೈನು ಕಾರ್ಕನ್ನ ಮುಟ್ಕೊಂಡೇ ಇರುತ್ತೆ, ಅದಕ್ಕೆ ಕಾರ್ಕು ಮೆತ್ತಗಿರುತ್ತೆ, ನಮ್ಮದು ಒಲೆ ಶಾಖಕ್ಕೆ ಆರು ವರ್ಷ ನೆಟ್ಟಗೆ ನಿಂತು ರಸ್ಕ್ ಥರ ಆಗಿತ್ತು.

ಸ್ಕ್ರೂದು ಕೂಡ ತಪ್ಪಿತ್ತು ಅನ್ನಿ. ಸುರುಳಿಯಲ್ಲಿ ಎರಡು ಜಾತಿ ಇದೆಯಂತೆ. ಒಂದು ತಂತಿನ ಸುತ್ತಿದ ಹಾಗೆ ನಡುವೆ ಖಾಲಿ ಇರೋದು, ಅದರ ಮಧ್ಯ ಬೆಂಕಿಕಡ್ಡಿ ತೂರಿಸಬಹುದು. ಇನ್ನೊಂದು ಮರಕ್ಕೆ ಹೊಡೆಯೋ ಸ್ಕ್ರೂ ಥರ ನಡುವೆ ಗಟ್ಟಿ ದಿಂಡು ಇರೋದು. ಎರಡನೇದು ಕಾರ್ಕನ್ನ ಹಿಡಿಯಲ್ಲ, ತೂತು ಕೊರೆಯುತ್ತೆ, ಒಣಗಿದ ಕಾರ್ಕಿಗೆ ಹಾಕಿದ್ರೆ ಪುಡಿ ಪುಡಿ. ನಮ್ಮನೇಲಿದ್ದಿದ್ದು ಎರಡೂ ಕಡೆ ರೆಕ್ಕೆ ಏಳೋ ಅಂಥದ್ದು, ನಡುವೆ ಗಟ್ಟಿ ದಿಂಡು. ಅಜ್ಜ ಮೇಲೆ ಹೋಗಿ ತಮ್ಮ ಹಳೇ ಸ್ಕ್ರೂ ತಂದ್ರು, ಚಾಕುವಿನ ಥರ ಮಡಚೋದು, ವೇಟರ್‌ಗಳ ಜೇಬಲ್ಲಿ ಇರುತ್ತಲ್ಲ ಅದು. ಅದರ ಪೇಟೆಂಟ್ 1882ರದ್ದು, ಜರ್ಮನಿಯ ಕಾರ್ಲ್ ವೀಂಕೆ ಅನ್ನೋರದ್ದು, ಇವತ್ತಿಗೂ ಹೆಚ್ಚು ಕಮ್ಮಿ ಅದೇ ರೂಪ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕತ್ತಲ್ಲಿ ಉಳಿದ ಅರ್ಧಕ್ಕೆ ಎಲ್ಲರೂ ಮಾಡೋ ತಪ್ಪು ಅಂದ್ರೆ ಮುರಿದ ಜಾಗದ ನಡುವಿಗೇ ಮತ್ತೆ ಸ್ಕ್ರೂ ಇಟ್ಟು ಮೇಲಿಂದ ಒತ್ತೋದು. ಆ ಜಾಗ ಆಗಲೇ ಸಡಿಲ, ಹಿಡಿತ ಸಿಗಲ್ಲ, ಒತ್ತಿದ ಭಾರಕ್ಕೆ ತುಂಡು ಕೆಳಗೆ ಜಾರುತ್ತೆ. ಅಜ್ಜ ಮೊದಲು ಒದ್ದೆ ಬಟ್ಟೆಯಲ್ಲಿ ಬಾಟಲಿ ಬಾಯಿ ಒರೆಸಿ, ಉದುರಿದ್ದ ಪುಡೀನ ಬೋರಲು ಹಾಕಿ ತಟ್ಟಿ ತೆಗೆದ್ರು. ಆಮೇಲೆ ಬಾಟಲೀನ ಸುಮಾರು ಅರ್ಧಕ್ಕೆ ವಾಲಿಸಿ ಮೇಜಿನ ಅಂಚಿಗೆ ಆನಿಸಿ ಹಿಡಿದ್ರು. ಸ್ಕ್ರೂ ತುದೀನ ಕಾರ್ಕಿನ ಒಂದು ಅಂಚಲ್ಲಿಟ್ಟು ಎದುರು ಬದಿ ಗಾಜಿನ ಕಡೆಗೆ ಓರೆಯಾಗಿ ತಿರುಗಿಸೋಕೆ ಶುರು ಮಾಡಿದ್ರು. ಓರೆ ಯಾಕೆ ಅಂದ್ರೆ, ಆಗ ಸ್ಕ್ರೂ ಹಾಕೋ ಒತ್ತಡ ಕಾರ್ಕನ್ನ ಕೆಳಗೆ ತಳ್ಳೋ ಬದಲು ಪಕ್ಕದ ಗಾಜಿಗೆ ಒತ್ತುತ್ತೆ, ಗಾಜೇ ಕಾರ್ಕನ್ನ ಹಿಡಿದುಕೊಡುತ್ತೆ. ಜೊತೆಗೆ ಸುರುಳಿ ಹೊಸ ಜಾಗದಲ್ಲಿ ಇಳಿಯೋದ್ರಿಂದ ಹಿಡಿತವೂ ಹೊಸದು. ಒಂದೊಂದು ಸುತ್ತಿಗೂ ನಿಲ್ಲಿಸಿ ನೋಡ್ತಿದ್ರು.

ಏನು ನೋಡ್ತಿದ್ದೀರಿ ಅಂತ ಕೇಳಿದೆ. "ಸ್ಕ್ರೂ ಜೊತೆ ಕಾರ್ಕೂ ತಿರುಗ್ತಿದೆಯಾ ಅಂತ. ತಿರುಗಿದ್ರೆ ಅದಕ್ಕೆ ಗಾಜಿನ ಹಿಡಿತ ತಪ್ಪಿದೆ ಅಂತ ಅರ್ಥ, ಆಮೇಲೆ ಎಷ್ಟು ಹಟ ಮಾಡಿದ್ರೂ ಒಳಗೇ ಹೋಗೋದು" ಅಂದ್ರು. ಈ ಒಂದು ಮಾತು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ತಿರುಗದೇ ಗಟ್ಟಿಯಾಗಿದ್ರೆ ಮೂರು ನಾಲ್ಕು ಸುತ್ತಾದ ಮೇಲೆ ನಿಧಾನಕ್ಕೆ ನೇರ ಎಳೆದ್ರೆ ಬರುತ್ತೆ, ಹತ್ತರಲ್ಲಿ ಎಂಟು ಸಲ ಬಂದಿದೆ ಅಂತ ಅಜ್ಜನ ಲೆಕ್ಕ.

ನಮ್ಮದು ಉಳಿದೆರಡರಲ್ಲಿ ಸೇರ್ತು. ಎರಡನೇ ಸುತ್ತಿಗೆ ಕಾರ್ಕು ಗಿರ್ ಅಂತ ಸ್ಕ್ರೂ ಜೊತೆಗೇ ತಿರುಗ್ತು. ಅಜ್ಜ ತಕ್ಷಣ ಸ್ಕ್ರೂ ಬಿಚ್ಚಿ ಕೆಳಗಿಟ್ಟು, ಸರಿ ಇನ್ನು ನಾವೇ ಒಳಗೆ ಕಳ್ಸೋಣ ಅಂದ್ರು. ಅವರು ಬಟ್ಟೆ ಎಲ್ಲಿ ಅಂತ ಹುಡುಕೋಷ್ಟರಲ್ಲಿ ನಮ್ಮವರು, ಅದೇನು ಮಹಾ ಅಂತ ಸೌಟಿನ ಹಿಡಿಯಿಂದ ಜೋರಾಗಿ ಒತ್ತೇಬಿಟ್ರು. "ರೀ ತಡೀರೀ" ಅಂತ ನಾನು ಅನ್ನೋದಕ್ಕೂ ವೈನು ಕಾರಂಜಿ ಥರ ಚಿಮ್ಮೋದಕ್ಕೂ ಸರಿಹೋಯ್ತು, ಬಿಳೀ ಶರ್ಟು, ಅಜ್ಜಿ ಕನ್ನಡಕ, ಗೋಡೆ, ಯಾವುದನ್ನೂ ಬಿಡ್ಲಿಲ್ಲ. ಕಾರ್ಕಿಗೂ ವೈನಿಗೂ ಮಧ್ಯ ಇರೋದು ಸ್ವಲ್ಪವೇ ಗಾಳಿ, ಕಾರ್ಕು ಇಳಿದಂತೆಲ್ಲ ಆ ಗಾಳಿ ಹಿಸುಕಿಕೊಳ್ಳುತ್ತೆ, ಕತ್ತು ದಾಟಿ ಕಾರ್ಕು ಒಳಗೆ ಬಿದ್ದ ಕ್ಷಣ ಆ ಗಾಳಿ ವೈನನ್ನೂ ಎಳ್ಕೊಂಡು ಮೇಲೆ ಬರುತ್ತೆ. ಅದಕ್ಕೇ ಸಿಂಕ್ ಮೇಲೆ ಹಿಡಿದು, ಬಾಟಲಿ ಬಾಯಿಗೂ ಸೌಟಿನ ಹಿಡಿಗೂ ಸೇರಿಸಿ ಬಟ್ಟೆ ಸುತ್ತಿ, ಬಾಯಿನ ಮುಖದಿಂದ ಆಚೆ ತಿರುಗಿಸಿ, ಇಷ್ಟಿಷ್ಟೇ ಒತ್ತಬೇಕು. ನೊರೆ ಉಕ್ಕೋ ಗ್ಯಾಸ್ ವೈನಿಗೆ ಮಾತ್ರ ಇದ್ಯಾವುದೂ ಬೇಡ, ಅದರೊಳಗೆ ಕಾರಿನ ಟೈರಿಗಿಂತ ಜಾಸ್ತಿ ಒತ್ತಡ ಇರುತ್ತೆ, ಅದಕ್ಕೆ ಸ್ಕ್ರೂ ತಾಗಿಸೋದೇ ಅಪಾಯ.

ಒಳಗೆ ಬಿದ್ದ ಕಾರ್ಕಿಂದ ವೈನು ಕೆಡಲ್ಲ, ಅದು ಆರು ವರ್ಷದಿಂದ ಅಲ್ಲೇ ಇದ್ದಿದ್ದು ತಾನೇ. ಕೆಲವು ವೈನು ಒದ್ದೆ ರಟ್ಟಿನ ವಾಸನೆ ಹೊಡೆಯೋದು ಕಾರ್ಕಲ್ಲಿರೋ ಒಂದು ರಾಸಾಯನಿಕದಿಂದ, ಅದಕ್ಕೂ ಕಾರ್ಕು ಮುರಿಯೋದಕ್ಕೂ ಸಂಬಂಧ ಇಲ್ಲ. ತೊಂದರೆ ಬರೋದು ಬಗ್ಗಿಸುವಾಗ. ಕಾರ್ಕು ತೇಲ್ಕೊಂಡು ಬಂದು ಬಾಗಿಲು ಮುಚ್ಚಿದ ಹಾಗೆ ಕತ್ತಿಗೆ ಅಡ್ಡ ಕೂರುತ್ತೆ. ಒಂದು ಉದ್ದ ಮರದ ಕಡ್ಡಿ ಒಳಗಿಟ್ಟು ಕಾರ್ಕನ್ನ ಹಿಂದಕ್ಕೆ ತಳ್ಳಿ ಹಿಡಿದು, ಟೀ ಸೋಸೋ ಜಾಲರಿ ಮೂಲಕ ಜಗ್ಗಿಗೆ ಬಗ್ಗಿಸಿದ್ವಿ. ಪುಡಿ ತುಂಬಾ ಸಣ್ಣದಿದ್ರೆ ಜಾಲರಿ ಮೇಲೆ ತೆಳು ಹತ್ತಿ ಬಟ್ಟೆ ಹಾಕಿ, ಸೋಪಿನ ವಾಸನೆ ಇಲ್ಲದೇ ಇರೋದು. ಆದ್ರೆ ಗಾಜಿನ ಚೂರು ಬಿದ್ದಿರೋ ಅನುಮಾನ ಇದ್ರೆ ಸೋಸೋಕೆ ಹೋಗ್ಬೇಡಿ, ಚೆಲ್ಲಿಬಿಡಿ. ಚಾಕು ತೂರಿಸಿ ಮೀಟೋರು, ಬಾಟಲಿ ತಳಕ್ಕೆ ಶೂ ಹಾಕಿ ಗೋಡೆಗೆ ಬಡಿಯೋರು, ಕತ್ತಿಗೆ ಬೆಂಕಿ ತೋರಿಸೋರು ಎಲ್ಲರೂ ವಿಡಿಯೋದಲ್ಲಿ ಸಿಗ್ತಾರೆ, ಅವರ ಕೈಗೆ ಎಷ್ಟು ಹೊಲಿಗೆ ಬಿತ್ತು ಅಂತ ಮಾತ್ರ ತೋರಿಸಲ್ಲ.

ಊಟ ಮುಗೀತು, ಅಜ್ಜ ಅಜ್ಜಿ ಹೋದ್ರು. ಬಾಟಲಿ ನೋಡೋಕೆ ಚೆನ್ನಾಗಿತ್ತು, ಮನಿಪ್ಲಾಂಟ್ ಇಡೋಣ ಅಂತ ನನ್ನಾಸೆ, ಒಳಗೆ ಆ ತುಂಡು ಲೊಟ ಲೊಟ ಅಂತಿತ್ತು. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇದ್ದ ಹಾಗೆ ಇದಕ್ಕೂ ಏನಾದ್ರೂ ಇರಬೇಕಲ್ಲ ಅಂತ ಮಾರನೇ ದಿನ ಅಜ್ಜನ್ನೇ ಕೇಳಿದೆ. ಇತ್ತು. ತರಕಾರಿ ತರೋ ತೆಳು ಪ್ಲಾಸ್ಟಿಕ್ ಕವರು.

ಬಾಟಲಿ ತೊಳೆದು, ತೂತಿಲ್ಲದ ಉದ್ದ ಕವರನ್ನ ಹಗ್ಗದ ಥರ ಹೊಸೆದು, ತಳದ ಭಾಗ ಮೊದಲು ಹೋಗೋ ಹಾಗೆ ಒಳಗೆ ಇಳಿಬಿಡಬೇಕು, ಕವರಿನ ಬಾಯಿ ಮಾತ್ರ ಹೊರಗೆ ಕೈಯಲ್ಲಿರಬೇಕು. ಆಮೇಲೆ ಬಾಟಲೀನ ತಲೆಕೆಳಗೆ ವಾಲಿಸಿ ಕಾರ್ಕು ಕವರಿನ ಪಕ್ಕ ಜಾರಿ ಕತ್ತಿನ ಬುಡಕ್ಕೆ ಬರೋ ಹಾಗೆ ಅಲ್ಲಾಡಿಸಿ. ಈಗ ಕವರಿನ ಬಾಯಿಗೆ ಬಾಯಿಟ್ಟು ಊದಿ. ಒಳಗೆ ಕವರು ಉಬ್ಬಿ ಕಾರ್ಕನ್ನ ಗಾಜಿಗೆ ಒತ್ತಿ ಹಿಡಿಯುತ್ತೆ. ಕವರು ಎಳೆಯುವಾಗ ಕಾರ್ಕನ್ನೂ ಸುತ್ಕೊಂಡು ಬರುತ್ತೆ, ಜರ್ಕ್ ಕೊಡದೇ ಒಂದೇ ಸಮ ಎಳೀಬೇಕು.

ನನಗೆ ಮೊದಲ ಸಲ ಕವರು ಹರಿದು ಬಂತು. ಕಾರಣ ಸರಳ. ಪೂರ್ತಿ ಕಾರ್ಕಾದ್ರೆ ಉದ್ದ ಜಾಸ್ತಿ, ತಾನಾಗೇ ಉದ್ದುದ್ದ ಬಂದು ಕೂರುತ್ತೆ. ನಮ್ಮದು ಅಗಲ 24 ಮಿಲಿಮೀಟರ್, ಉದ್ದ ಬರೀ 20ರ ಹತ್ರ, ಅದಕ್ಕೆ ತಲೆ ಯಾವುದು ಪಕ್ಕೆ ಯಾವುದು ಗೊತ್ತಾಗದೇ ಅಡ್ಡಡ್ಡ ಸಿಕ್ಕಾಕೊಂಡಿತ್ತು. ಎರಡನೇ ಸಲ ದುಂಡು ಮುಖ ಕತ್ತಿನ ಕಡೆ ಬರೋ ತನಕ ಕಡ್ಡಿಯಿಂದ ತಿರುಗಿಸಿ, ಕವರಿನ ಬದಲು ತೆಳು ಹತ್ತಿ ಕರ್ಚೀಫ್ ಮೂಲೆಯಿಂದ ತೂರಿಸಿ, ಕಾರ್ಕು ಅದರ ಮಡಿಕೆಯಲ್ಲಿ ಕೂತ ಮೇಲೆ ಎಳೆದೆ. ಕತ್ತಿನ ಒಳಗಲ 18 ಮಿಲಿಮೀಟರ್ ಚಿಲ್ಲರೆ, 24ರದ್ದು ಅದರಲ್ಲಿ ಹೇಗೆ ಬರುತ್ತೆ ಅಂತೀರಾ, ಕಾರ್ಕಿನ ತುಂಬಾ ಗಾಳಿ ತುಂಬಿದ ಸಣ್ಣ ಗೂಡುಗಳು. ರಬ್ಬರನ್ನ ಪಕ್ಕದಿಂದ ಹಿಸುಕಿದ್ರೆ ಉದ್ದಕ್ಕೆ ಉಬ್ಬುತ್ತೆ, ಕಾರ್ಕು ಉಬ್ಬಲ್ಲ, ಸುಮ್ನೆ ಸಣ್ಣಗಾಗುತ್ತೆ. ಫ್ಯಾಕ್ಟರಿಯಲ್ಲಿ ಅದನ್ನ ಹಾಕೋಕೆ ಆಗಿದ್ದೂ ಅದಕ್ಕೇ, ನಾನು ತೆಗೆಯೋಕೆ ಆಗಿದ್ದೂ ಅದಕ್ಕೇ. ಪುಳಕ್ ಅಂತ ಬಂತು ನೋಡಿ, ನಾನು ಕರ್ಚೀಫ್ ಸಮೇತ ಸೋಫಾ ಮೇಲೆ ಬಿದ್ದೆ.

ನಮ್ಮವರು ಎರಡೂ ತುಂಡು ತಗೊಂಡು ಮುರಿದ ಕಡೆ ಜೋಡಿಸಿ ನೋಡಿದ್ರು. ಸೇರ್ಲಿಲ್ಲ, ನಡುವೆ ಕಡಲೆಬೀಜದಷ್ಟು ಜಾಗ ಖಾಲಿ. ಜಾಲರಿಯಲ್ಲಿ ಸಿಕ್ಕಿದ್ದ ಪುಡಿ ಅಷ್ಟೆಲ್ಲ ಇರ್ಲಿಲ್ಲ. ಜಗ್ಗಿಗೆ ಬಗ್ಗಿಸೋ ಮೊದಲೇ ಮೊದಲ ಗ್ಲಾಸನ್ನ ಅವಸರಕ್ಕೆ ಬಾಟಲಿಯಿಂದ ನೇರ ಹಾಕ್ಕೊಂಡು ಕುಡಿದವರು ಅವರೇ.