ಒಂದೇ ಉಸಿರಿನ ಬೋರ್ಡೋ ದ್ರಾವಣ

ಮೇ ತಿಂಗಳ ಕೊನೆಗೆ ಇಲಾಖೆಯೊಂದರಿಂದ ನಮ್ಮ ಬಾನುಲಿ ಕೇಂದ್ರಕ್ಕೆ ಒಂದು ಕಾಗದ ಬಂತು. ಸಂಜೆಯ ರೈತರ ಕಾರ್ಯಕ್ರಮದಲ್ಲಿ ಓದಿಸಿ ಎಂದು ಮೇಲೆ ಬರೆದಿತ್ತು. ಎರಡು ಪುಟದ ಆ ಕಾಗದದ ಜೀವಾಳವೆಲ್ಲ ಈ ಒಂದು ವಾಕ್ಯದಲ್ಲಿತ್ತು:

"ಅಡಿಕೆ ಬೆಳೆಗಾರರು ಮುಂಗಾರು ಪ್ರಾರಂಭಕ್ಕೂ ಮುನ್ನ ಹಾಗೂ ತದನಂತರ 40-45 ದಿನಗಳ ಅಂತರದಲ್ಲಿ, ತಲಾ 1 ಕಿ.ಗ್ರಾಂ. ಮೈಲುತುತ್ತ ಹಾಗೂ ಸುಣ್ಣವನ್ನು 50 ಲೀ. ನೀರಿನಲ್ಲಿ ಪ್ರತ್ಯೇಕವಾಗಿ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ಸೇರಿಸಿ (ಲೋಹದ ಪಾತ್ರೆ ಬಳಸಬಾರದು) ತಯಾರಿಸಿದ ಶೇ. 1ರ ಬೋರ್ಡೋ ದ್ರಾವಣವನ್ನು, ರಸಸಾರ ತಟಸ್ಥವಾಗಿರುವುದನ್ನು ಖಚಿತಪಡಿಸಿಕೊಂಡು, ಗೊನೆಗಳು ಸಂಪೂರ್ಣವಾಗಿ ತೋಯುವಂತೆ ಸಿಂಪಡಿಸುವ ಮೂಲಕ ಕೊಳೆರೋಗವನ್ನು ನಿಯಂತ್ರಿಸಬಹುದಾಗಿದೆ."

ಮಾಹಿತಿಯಲ್ಲಿ ತಪ್ಪು ಒಂದೂ ಇಲ್ಲ. ಅಚ್ಚಾದ ಪುಟದಲ್ಲಿ ಇದನ್ನು ಓದುವವರಿಗೆ ಅರ್ಥವಾಗದಿದ್ದರೆ ಮತ್ತೊಮ್ಮೆ ಮೇಲಿನಿಂದ ಓದುತ್ತಾರೆ. ಕೇಳುವವರಿಗೆ ಆ ಅನುಕೂಲ ಇಲ್ಲ. ದನದ ಕೊಟ್ಟಿಗೆಯಲ್ಲೋ ಒಲೆಯ ಮುಂದೋ ಕೂತವರ ಕಿವಿಗೆ ಮಾತು ಒಂದೇ ಸಲ ಬೀಳುತ್ತದೆ. ಅದೂ ಹೆಂಚಿನ ಮೇಲಿನ ಮಳೆ, ಮೀಡಿಯಂ ವೇವಿನ ಗರಗರ ಎಲ್ಲ ದಾಟಿಕೊಂಡು.

ನಾನಾಗ ಅಲ್ಲಿ ದಿನಗೂಲಿ ಲೆಕ್ಕದಲ್ಲಿ ಸ್ಕ್ರಿಪ್ಟು ಬರೆಯುತ್ತಿದ್ದೆ. ಓದಬೇಕಿದ್ದವರು ಹಿರಿಯ ಉದ್ಘೋಷಕಿ. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಕಾಗದವನ್ನು ಕಣ್ಣಲ್ಲಿ ಓದುವವರೇ ಅಲ್ಲ. ಕೈಗೆ ಕೊಟ್ಟ ಕೂಡಲೇ ಮೈಕಿನ ಮುಂದೆ ಕೂತಂತೆ ಗಟ್ಟಿಯಾಗಿ ಶುರು ಮಾಡುತ್ತಾರೆ. "ಬಳಸಬಾರದು" ತನಕ ಹೋದರು. ಅಲ್ಲಿಗೆ ಉಸಿರು ಮುಗಿಯಿತು.

"ಇದನ್ನ ಓದೋಕೆ ನಂಗೆ ಮೂರನೇ ಶ್ವಾಸಕೋಶ ಬೇಕು ಕಣ್ರೀ. ಅದಿರ್ಲಿ, ಕೊಳೆರೋಗದ ವಿಷಯ ಅಂತ ಗೊತ್ತಾಗೋದು ಯಾವಾಗ?"

ಕೊನೆಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕಡೆಗೆ ಬರುತ್ತದಲ್ವಾ, ಅದಕ್ಕೆ ಮೊದಲು ಎಷ್ಟು ಬೇಕಾದರೂ ಸಾಮಾನು ತುಂಬಬಹುದು. ಬರೆಯುವವರು ತುಂಬುತ್ತಾರೆ. ಕೇಳುವವರು ದಿನ, ಕಿಲೋ, ಲೀಟರು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು, ಇದು ಯಾತಕ್ಕೆ ಎಂದು ತಿಳಿಯಲು ಕಾಯಬೇಕು. ಹಾಗಾಗಿ ಮೊದಲ ಕೆಲಸ ಬಾಲವನ್ನು ತಲೆಗೆ ತರುವುದು. ಅಡಿಕೆ, ಕೊಳೆರೋಗ, ಬೋರ್ಡೋ ಎಂಬ ಮೂರು ಮಾತು ಮೊದಲು ಕಿವಿಗೆ ಬಿದ್ದರೆ ತೋಟ ಇದ್ದವರು ರೇಡಿಯೊದ ಹತ್ತಿರ ಬರುತ್ತಾರೆ. ಲೆಕ್ಕ ಆಮೇಲೆ. ಬಾಯಿ ತೆರೆದ ಕೂಡಲೇ ಅಂಕಿ ಹೇಳಿದರೆ ಅದು ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ನಾನು ಹೀಗೆ ಬರೆದೆ: "ಅಡಿಕೆ ಬೆಳೆಗಾರರೇ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲ ಬಂತು. ಮಳೆ ಹಿಡಿಯುವ ಮೊದಲೇ ಒಂದು ಸಲ ಹೊಡೆಯಿರಿ. ಅದಾಗಿ ಒಂದೂವರೆ ತಿಂಗಳೊಳಗೆ ಇನ್ನೊಂದು ಸಲ."

"40-45" ಎಂಬುದು ಕಣ್ಣಿಗೆ ಚೆಂದ. ಬಾಯಲ್ಲಿ ಅದು "ನಲವತ್ತು ನಲವತ್ತೈದು" ಆಗುತ್ತದೆ. ಇಲ್ಲಾ "ನಲವತ್ತರಿಂದ ನಲವತ್ತೈದು ದಿನಗಳ ಅಂತರದಲ್ಲಿ" ಎಂದು ಉದ್ದವಾಗುತ್ತದೆ. ಒಂದೂವರೆ ತಿಂಗಳು ಎಂದರೆ ಯಾರೂ ಬೆರಳು ಮಡಿಸಬೇಕಿಲ್ಲ. ಅವಧಿಯಲ್ಲಿ ಈ ಸಡಿಲಿಕೆ ನಡೆಯುತ್ತದೆ. ಔಷಧಿಯ ಪ್ರಮಾಣದಲ್ಲಿ ಮಾತ್ರ ಕೂಡದು. ಒಂದು ಕಿಲೋ ಅಂದರೆ ಒಂದು ಕಿಲೋ. "ಸುಮಾರು" ಅನ್ನುವ ಹಾಗೇ ಇಲ್ಲ.

ಪ್ರಮಾಣದ ಸಾಲಿಗೆ ಬಂದಾಗ "ತಲಾ" ಕಾಲಿಗೆ ತೊಡಕಿತು. "ತಲಾ ಒಂದು ಕಿಲೋ ಮೈಲುತುತ್ತ ಹಾಗೂ ಸುಣ್ಣ" ಎಂದು ಓದಿದಾಗ ಆ ಚಿಕ್ಕ "ತಲಾ" ತಪ್ಪಿದರೆ ಎರಡೂ ಸೇರಿ ಒಂದು ಕಿಲೋ ಎಂದು ಕೇಳುತ್ತದೆ. ಶೇಕಡಾ ಒಂದು ಎಂಬುದನ್ನೂ ತೆಗೆದೆ. ಕಿಲೋ, ಲೀಟರು ಹೇಳಿದ ಮೇಲೆ ಶೇಕಡಾ ಯಾರಿಗೆ ಬೇಕು? ಹೀಗೆ ಮಾಡಿದೆ: "ಮೈಲುತುತ್ತ ಒಂದು ಕಿಲೋ. ಸುಣ್ಣ ಒಂದು ಕಿಲೋ. ನೀರು ಒಟ್ಟು ನೂರು ಲೀಟರ್. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ, ಉಳಿದ ಐವತ್ತು ಲೀಟರಿನಲ್ಲಿ ಕಲಸಿ."

ಮೇಡಂ ಓದಿದರು. "ಕರಗಿಸಿ" ಎಂಬಲ್ಲಿ ಅವರ ದನಿ ಕೆಳಗಿಳಿಯಲಿಲ್ಲ. ಮುಂದೇನೋ ಇದೆ ಎಂಬಂತೆ ತೂಗಾಡಿತು. ಅವರೇ ನಿಲ್ಲಿಸಿದರು. ಕನ್ನಡದ ಈ "ಮಾಡಿ, ಕರಗಿಸಿ, ಸೇರಿಸಿ" ಎರಡು ಕೆಲಸ ಮಾಡುತ್ತವೆ. "ಕರಗಿಸಿ, ಆಮೇಲೆ ಸುರಿ" ಎಂಬಲ್ಲೂ ಅದೇ ರೂಪ, "ದಯವಿಟ್ಟು ಕರಗಿಸಿ" ಎಂಬಲ್ಲೂ ಅದೇ. ಕಾಗದದಲ್ಲಿ ಅಲ್ಪವಿರಾಮ, ಪೂರ್ಣವಿರಾಮ ನೋಡಿ ತಿಳಿಯುತ್ತೇವೆ. ಕಿವಿಗೆ ಚುಕ್ಕೆ ಕಾಣುವುದಿಲ್ಲ. ಓದುವವರ ದನಿ ಇಳಿದರೆ ಮಾತ್ರ ವಾಕ್ಯ ಮುಗಿಯಿತು ಎಂದು ಗೊತ್ತಾಗುತ್ತದೆ. ಅವಸರದಲ್ಲಿ ಅದು ಇಳಿಯದೇ ಇರಬಹುದು. ಹಾಗಾಗಿ "ಕರಗಿಸಿಕೊಳ್ಳಬೇಕು", "ಕಲಸಿಟ್ಟುಕೊಳ್ಳಬೇಕು" ಎಂದು ಬಾಗಿಲು ಹಾಕಿದೆವು. ಅಕ್ಷರ ಜಾಸ್ತಿ ಆಯಿತು, ಆಗಲಿ. ಸಾಲು ಚಿಕ್ಕದಾಗುವುದಕ್ಕಿಂತ ಎಲ್ಲಿ ಮುಗಿಯಿತು ಎಂದು ತಿಳಿಯುವುದು ಮುಖ್ಯ.

ಮುಂದಿನದು ಇನ್ನೂ ಸೂಕ್ಷ್ಮ. ತುತ್ತದ ನೀರನ್ನೇ ಸುಣ್ಣದ ನೀರಿಗೆ ಹಾಕಬೇಕು. ಉಲ್ಟಾ ಮಾಡಿದರೆ ಮಿಶ್ರಣ ಒಡೆದಂತಾಗಿ ಬೇಗ ತಳಕ್ಕೆ ಕೂರುತ್ತದೆ. "ದ್ರಾವಣವನ್ನು ದ್ರಾವಣಕ್ಕೆ" ಎಂದಾಗ ಯಾವುದು ಯಾವುದರೊಳಗೆ ಎಂದು ಹೇಳುವುದು ಬಾಲದಲ್ಲಿರುವ "ಅನ್ನು" ಮತ್ತು "ಕ್ಕೆ" ಅಷ್ಟೇ. ಓದುವಾಗ ಮೊದಲು ಸವೆಯುವುದೇ ಈ ಬಾಲಗಳು. ವಿಭಕ್ತಿಯನ್ನು ನಂಬದೆ, ಕಣ್ಣಿಗೆ ಕಟ್ಟುವ ಹಾಗೆ ಬರೆಯಬೇಕಿತ್ತು. ಮೇಡಂ ಒಂದು ಕೈ ಕೆಳಗಿಟ್ಟು ಇನ್ನೊಂದರಿಂದ ಸುರಿಯುವ ಹಾಗೆ ಮಾಡಿ ತೋರಿಸಿದರು. ಅದೇ ಸಾಲಾಯಿತು: "ಸುಣ್ಣದ ನೀರು ದೊಡ್ಡ ಡ್ರಮ್ಮಿನಲ್ಲಿ ಕೆಳಗಿರಲಿ. ಅದರ ಮೇಲೆ ಮೈಲುತುತ್ತದ ನೀರು ನಿಧಾನಕ್ಕೆ ಸುರಿಯಬೇಕು. ಒಬ್ಬರು ಸುರಿಯುವಾಗ ಇನ್ನೊಬ್ಬರು ಕೋಲಿನಿಂದ ತಿರುಗಿಸುತ್ತಿರಬೇಕು."

ಆವರಣದ ಒಳಗಿದ್ದ "ಬಳಸಬಾರದು" ನನಗೆ ಮೊದಲಿಗೆ ದೊಡ್ಡ ವಿಷಯ ಅನಿಸಿರಲಿಲ್ಲ. ಆವರಣವನ್ನು ಓದಲು ಬರುವುದಿಲ್ಲ, ಬೇರೆ ವಾಕ್ಯ ಮಾಡಿದರಾಯಿತು ಎಂದುಕೊಂಡಿದ್ದೆ. ಮೇಡಂ ಕಂಟ್ರೋಲ್ ರೂಮಿನಿಂದ ಕೇಳು ಎಂದು ಕಳಿಸಿ, ಸ್ಟುಡಿಯೊ ಒಳಗಿಂದ ಮಾಮೂಲಿ ವೇಗದಲ್ಲಿ "ಬಳಸಬಹುದು, ಬಳಸಬಾರದು" ಎಂದು ಹಿಂದುಮುಂದಾಗಿ ಹೇಳಿದರು. ಸ್ಪೀಕರಿನ ದನಿ ಕಡಿಮೆ ಮಾಡಿ ಕೇಳಿದೆ. ಎರಡಕ್ಕೂ ಮೊದಲು "ಬಳಸಬಾ" ತರಹದ್ದೇ ಸದ್ದು, ಕೊನೆಗೆ "ದು". ನಡುವಿನ ಒಂದು "ರ" ಮೇಲೆ ಪೂರ್ತಿ ಅರ್ಥ ನಿಂತಿದೆ. ಗುಡುಗಿನ ದಿನ ಆ "ರ" ಕೇಳುವುದಿಲ್ಲ. ತುತ್ತ ಕಬ್ಬಿಣವನ್ನು ತಿನ್ನುತ್ತದೆ, ದ್ರಾವಣವೂ ಕೆಡುತ್ತದೆ. ಅಲ್ಲಿಂದ ಎಚ್ಚರಿಕೆಯ ಮಾತಿಗೆಲ್ಲ "ಬೇಡ" ಬಳಸುವುದು ರೂಢಿಯಾಯಿತು. ಅದರ ಜೊತೆಗೆ ಏನು ಬೇಕು ಎಂಬುದನ್ನೂ ಹೇಳಬೇಕು: "ಪ್ಲಾಸ್ಟಿಕ್ ಡ್ರಮ್ಮೇ ಇರಲಿ. ಕಬ್ಬಿಣದ ಡ್ರಮ್ ಬೇಡ." ಒಂದು ಸಾಲು ತಪ್ಪಿದರೆ ಇನ್ನೊಂದು ಕೈ ಹಿಡಿಯುತ್ತದೆ.

"ರಸಸಾರ ತಟಸ್ಥ" ಉಳಿದಿತ್ತು. ದ್ರಾವಣದಲ್ಲಿ ಹುಳಿಯೂ ಕ್ಷಾರವೂ ಹೆಚ್ಚಿರಬಾರದು ಎಂದು ಅದರ ಅರ್ಥ. ಅದನ್ನು ತೆಗೆಯಲು ನನಗೆ ಅಧಿಕಾರ ಇರಲಿಲ್ಲ. ಕಾಗದಕ್ಕೆ ಸಹಿ ಹಾಕಿದ್ದ ಅಧಿಕಾರಿಗೆ ಫೋನ್ ಮಾಡಿದೆ.

"ಸರ್, ರಸಸಾರದ ಬದಲು ಚಾಕುವಿನ ಪರೀಕ್ಷೆ ಹೇಳಬಹುದಾ?"

"ಹೇಳ್ರೀ, ತೋಟದಲ್ಲಿ ಎಲ್ಲರೂ ಮಾಡೋದು ಅದೇ. ಕಾಗದದಲ್ಲಿ ಹಂಗೆ ಬರೆಯೋಕೆ ಬರಲ್ಲ ಅಷ್ಟೆ."

ಸ್ವಚ್ಛವಾದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಬೇಕು. ತೆಗೆದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ತುತ್ತದ ತಾಮ್ರ ಇನ್ನೂ ಬಿಡಿಯಾಗಿದೆ, ಹುಳಿ ಜಾಸ್ತಿ ಇದೆ ಎಂದರ್ಥ. ಕೆಂಪು ಕೂರದಾಗುವ ತನಕ ಸುಣ್ಣದ ನೀರು ಸೇರಿಸಬೇಕು. ಇದನ್ನು ಸ್ಕ್ರಿಪ್ಟಿನಲ್ಲಿ ಮೂರು ಸಾಲು ಮಾಡಿದೆ: "ಚಾಕು ಅದ್ದಿ ನೋಡಬೇಕು. ಅಲಗು ಕೆಂಪಾದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಹಾಕಬೇಕು." ಅಧಿಕಾರಿಗೆ ಫೋನಿನಲ್ಲೇ ಓದಿ ಹೇಳಿದೆ. ಒಪ್ಪಿದರು.

ಎಲ್ಲ ಸೇರಿಸಿ ಓದಿದಾಗ ಬೇರೆಯೇ ತೊಂದರೆ ಕಂಡಿತು. ಎಲ್ಲ ಸಾಲೂ ಒಂದೇ ಅಳತೆ. ಹಾಕಬೇಕು, ನೋಡಬೇಕು, ಸುರಿಯಬೇಕು. ಜಾತ್ರೆಯಲ್ಲಿ ಪೊಲೀಸರು ಮೈಕಿನಲ್ಲಿ ಕೂಗಿದ ಹಾಗಿತ್ತು. ತುಂಡು ಮಾಡಿದ್ದನ್ನು ಅಲ್ಲಲ್ಲಿ ಹೊಲಿಯಬೇಕಾಯಿತು. "ಇಷ್ಟಾದ ಮೇಲೆ", "ಇಲ್ಲೊಂದು ಎಚ್ಚರಿಕೆ", "ಈಗ ಪ್ರಮಾಣ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ" ಎಂಬಂಥ ಮಾತುಗಳು ಬಂದವು. ಕೊನೆಯದಂತೂ ಬಹಳ ಉಪಯೋಗದ ಸಾಲು. ಅದನ್ನು ಓದಿ ಮೇಡಂ ಎರಡು ಕ್ಷಣ ಸುಮ್ನೆ ಇರುತ್ತಾರೆ. ಅಷ್ಟರಲ್ಲಿ ಮನೆಯವರು ಪೆನ್ನು ಹುಡುಕಲಿ ಎಂದು.

ಪ್ರಮಾಣವನ್ನು ಕೊನೆಯಲ್ಲಿ ಇನ್ನೊಮ್ಮೆ ಹೇಳಿಸಿದೆವು, ಅದೇ ಶಬ್ದಗಳಲ್ಲಿ. ಬರಹದಲ್ಲಿ ಒಂದೇ ಮಾತನ್ನು ಎರಡು ಸಲ ಬಳಸಿದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಇಲ್ಲಿ ಮೊದಲು ಮೈಲುತುತ್ತ ಎಂದು, ಆಮೇಲೆ ತಾಮ್ರದ ಸಲ್ಫೇಟ್ ಎಂದರೆ ಕೇಳುವವರು ಅದು ಬೇರೆ ಔಷಧಿ ಎಂದುಕೊಳ್ಳುತ್ತಾರೆ.

ಪ್ರತಿ ತಿದ್ದುಪಡಿಗೂ ಸಮಯ ಬೆಳೆಯಿತು. ಮೇಡಂ ನಿಮಿಷಕ್ಕೆ ತೊಂಬತ್ತು ಪದದ ಆಸುಪಾಸು ಓದುತ್ತಾರೆ. ಮೂಲದ ಆ ವಾಕ್ಯ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ನಮ್ಮದು ಎರಡು ನಿಮಿಷದ ಹತ್ತಿರ ಬಂತು. ಇದ್ದದ್ದೇ ಎರಡು ನಿಮಿಷ. ಹಾಗಾಗಿ ಎರಡನೇ ಪುಟದಲ್ಲಿದ್ದ ರೋಗಾಣುವಿನ ಹೆಸರು, "ಸದರಿ ಯೋಜನೆಯಡಿ" ಎಂದು ಶುರುವಾಗುವ ಪ್ಯಾರಾ ಎಲ್ಲ ಹೋದವು. ರೋಗಾಣುವಿನ ಹೆಸರಿನಲ್ಲಿ "ಫ" ಇತ್ತು, ಮೈಕಿಗೆ ಗಾಳಿ ಬಡಿಯುತ್ತದೆ ಎಂದು ಮೇಡಂಗೂ ಅದು ಹೋದದ್ದು ಸಮಾಧಾನ.

ಅಂತಿಮ ಪ್ರತಿಯನ್ನು ದಪ್ಪ ಅಕ್ಷರದಲ್ಲಿ, ಒಂದೇ ಮಗ್ಗುಲಿಗೆ, ಸಾಲುಗಳ ನಡುವೆ ಜಾಗ ಬಿಟ್ಟು ತೆಗೆದೆ. ಅಂಕಿ ಒಂದೂ ಇಲ್ಲ, ಎಲ್ಲ ಅಕ್ಷರದಲ್ಲಿ. ವಾಕ್ಯ ಪುಟದ ಕೊನೆಯಲ್ಲಿ ಒಡೆಯಕೂಡದು. ಪಿನ್ನು ಹೊಡೆಯಕೂಡದು, ಹಾಳೆ ಮಗುಚುವ ಸದ್ದು ಮೈಕಿಗೆ ಕೇಳುತ್ತದೆ. ಮೇಡಂ ಪೆನ್ಸಿಲಿನಿಂದ ಉಸಿರು ತೆಗೆಯುವಲ್ಲಿ ಓರೆಗೆರೆ, ಒತ್ತಿ ಹೇಳುವಲ್ಲಿ ಅಡಿಗೆರೆ ಹಾಕಿಕೊಂಡರು. "ಬೇಡ"ದ ಕೆಳಗೆ ಎರಡು ಗೆರೆ.

ಪ್ರಸಾರ ಆದ ಮರುದಿನ ಕೊಪ್ಪದ ಕಡೆಯ ಕೇಳುಗರೊಬ್ಬರು ಫೋನ್ ಮಾಡಿದರು. ಪ್ರಮಾಣ, ಡ್ರಮ್ಮು, ಚಾಕು ಎಲ್ಲ ಸರಿಯಾಗಿ ಕೇಳಿತ್ತು. ಅವರ ಪ್ರಶ್ನೆ ಬೇರೆ: "ಚಿಪ್ಪುಸುಣ್ಣ ಆಗ್ತದಾ? ಹೋದ ವರ್ಷದ್ದು ಪುಡಿಯಾಗಿ ಕೂತದೆ ಮನೆಲಿ." ಅಧಿಕಾರಿಯನ್ನು ಕೇಳಿದೆ. ಹೊಸದಾಗಿ ಅರಳಿಸಿದ ಸುಣ್ಣವಾದರೆ ಒಳ್ಳೆಯದು, ಗಾಳಿಗೆ ಕೂತ ಹಳೆಯದರಲ್ಲಿ ಸತ್ವ ಇರುವುದಿಲ್ಲ ಎಂದರು. ವಾರದ ಕೊನೆಗೆ ಇದ್ದ ಮರುಪ್ರಸಾರಕ್ಕೆ ಮತ್ತೆ ರೆಕಾರ್ಡ್ ಮಾಡಿದೆವು. "ಸುಣ್ಣ ಹೊಸದಿರಲಿ. ಹಳೆ ಪುಡಿ ಬೇಡ" ಎಂದು ಸೇರಿಸಿದೆವು. ಅಷ್ಟು ಜಾಗ ಬೇಕಿತ್ತಲ್ಲ, ಮೊದಲ ಸಾಲಿನ "ಅಡಿಕೆ ಬೆಳೆಗಾರರೇ" ತೆಗೆಯೋಣವೇ ಎಂದೆ. ಮೇಡಂ ಒಪ್ಪಲಿಲ್ಲ. ತಮ್ಮ ಹೆಸರು ಹೇಳುವ ಸಾಲನ್ನು ಹೊಡೆದು ಹಾಕಿದರು.